ಯಾವುದರ ಶೇಕಡಾ ಹದಿನೆಂಟು?

2015ರ ಅಕ್ಟೋಬರ್ 26ರ ಸೋಮವಾರ ಫ್ರಾನ್ಸಿನ ಲಿಯಾನ್ ನಗರದಿಂದ ಬಂದ ಒಂದು ಪ್ರಕಟಣೆ ಯುರೋಪಿನ ಬೆಳಗಿನ ತಿಂಡಿಯ ಮೇಜಿಗೆ ನೇರವಾಗಿ ಬಂದು ಬಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಆ ತಿಂಗಳ ಮೊದಲ ಭಾಗದಲ್ಲಿ 10 ದೇಶಗಳ 22 ತಜ್ಞರನ್ನು ಕೂರಿಸಿ, 800ಕ್ಕೂ ಹೆಚ್ಚು ಅಧ್ಯಯನಗಳನ್ನು ಓದಿಸಿ, ಎರಡು ತೀರ್ಮಾನ ಹೊರಡಿಸಿತ್ತು. ಬೇಕನ್, ಹ್ಯಾಮ್, ಸಾಸೇಜು, ಸಲಾಮಿಯಂಥ ಸಂಸ್ಕರಿಸಿದ ಮಾಂಸ ಕ್ಯಾನ್ಸರ್ ತರುತ್ತದೆ ಎಂಬುದು ಮೊದಲನೆಯದು. ದನ, ಹಂದಿ, ಕುರಿ, ಮೇಕೆಗಳ ಕೆಂಪು ಮಾಂಸ ಬಹುಶಃ ತರುತ್ತದೆ ಎಂಬುದು ಎರಡನೆಯದು. ಎರಡರಲ್ಲೂ ಮುಖ್ಯವಾಗಿ ಹೇಳಿದ್ದು ದೊಡ್ಡಕರುಳು ಮತ್ತು ಗುದನಾಳದ ಕ್ಯಾನ್ಸರಿನ ಬಗ್ಗೆ.

ಸಂಸ್ಕರಿಸಿದ ಮಾಂಸ ಸೇರಿದ್ದು ಸಂಸ್ಥೆಯ ಒಂದನೇ ಗುಂಪಿಗೆ. ಆ ಗುಂಪಿನಲ್ಲಿ ತಂಬಾಕು ಇದೆ, ಆಸ್ಬೆಸ್ಟಾಸ್ ಇದೆ. ಮರುದಿನದ ಪತ್ರಿಕೆಗಳಿಗೆ ಅಷ್ಟು ಸಾಕಾಯಿತು. ಬೇಕನ್ನೂ ಬೀಡಿಯೂ ಒಂದೇ ಎಂಬರ್ಥದ ತಲೆಬರಹಗಳು ಊರೂರು ಸುತ್ತಿದವು. ಆದರೆ ಅದೇ ಒಂದನೇ ಗುಂಪಿನಲ್ಲಿ ಬಿಸಿಲೂ ಇದೆ, ಮದ್ಯವೂ ಇದೆ, ಚೀನೀ ಪದ್ಧತಿಯ ಉಪ್ಪುಮೀನೂ ಇದೆ. ಒಂದು ವಸ್ತು ಕ್ಯಾನ್ಸರ್ ತರುತ್ತದೆ ಎನ್ನುವುದಕ್ಕೆ ಪುರಾವೆ ಎಷ್ಟು ಗಟ್ಟಿ ಎಂಬುದನ್ನಷ್ಟೇ ಈ ಗುಂಪುಗಳು ಹೇಳುತ್ತವೆ. ಎಷ್ಟು ತಿಂದರೆ ಎಷ್ಟು ಜನರಿಗೆ ಬರುತ್ತದೆ ಎಂಬ ಪ್ರಶ್ನೆ ಅವುಗಳ ವ್ಯಾಪ್ತಿಗೆ ಬರುವುದಿಲ್ಲ. ಸಂಸ್ಥೆಯೇ ಅಂದು ಉಲ್ಲೇಖಿಸಿದ ಅಂದಾಜಿನಲ್ಲಿ, ಜಗತ್ತಿನಾದ್ಯಂತ ತಂಬಾಕಿನಿಂದಾಗುವ ಕ್ಯಾನ್ಸರ್ ಸಾವು ವರ್ಷಕ್ಕೆ ಸುಮಾರು 10 ಲಕ್ಷ. ಸಂಸ್ಕರಿಸಿದ ಮಾಂಸ ಹೆಚ್ಚಾಗಿ ತಿನ್ನುವುದರಿಂದ ಆಗುವುದು ಸುಮಾರು 34 ಸಾವಿರ. ಪುರಾವೆಯ ಗಟ್ಟಿತನ ಎರಡಕ್ಕೂ ಒಂದೇ, ಹಾನಿಯ ಗಾತ್ರದಲ್ಲಿ ಸುಮಾರು ಮೂವತ್ತು ಪಟ್ಟು ಅಂತರ.

ತಲೆಬರಹ ಮಾಸಿದ ಮೇಲೂ ಉಳಿದುಕೊಂಡದ್ದು ಒಂದು ಅಂಕಿ. ದಿನಕ್ಕೆ 50 ಗ್ರಾಂ ಸಂಸ್ಕರಿಸಿದ ಮಾಂಸ ತಿಂದರೆ ಕರುಳಿನ ಕ್ಯಾನ್ಸರಿನ ಅಪಾಯ ಶೇ. 18ರಷ್ಟು ಹೆಚ್ಚುತ್ತದೆ. ಕೆಂಪು ಮಾಂಸಕ್ಕಾದರೆ ದಿನಕ್ಕೆ 100 ಗ್ರಾಂಗೆ ಶೇ. 17. ಈ ಅಧ್ಯಾಯದುದ್ದಕ್ಕೂ ನಾವು ಹಿಡಿದು ನೋಡಬೇಕಾದದ್ದು ಇದನ್ನೇ. ಶೇ. 18 ಎಂದರೆ ಯಾವುದರ ಶೇ. 18?

ನೂರರಲ್ಲಿ ಹದಿನೆಂಟು ಜನರಿಗೆ ಕ್ಯಾನ್ಸರ್ ಬರುತ್ತದೆ ಎಂದು ಓದಿಕೊಂಡವರು ಬಹಳ ಮಂದಿ. ಹಾಗಲ್ಲ. ಲೆಕ್ಕವನ್ನು ಬ್ರಿಟನ್ನಿನಲ್ಲಿ ಮಾಡಿ ನೋಡೋಣ, ಏಕೆಂದರೆ ಅಲ್ಲಿನ ಅಂಕಿಅಂಶ ಚೆನ್ನಾಗಿವೆ. ಆ ಹೊತ್ತಿನ ಲೆಕ್ಕದಂತೆ ಬ್ರಿಟನ್ನಿನ ಸಾವಿರ ಜನರಲ್ಲಿ ಸುಮಾರು 61 ಮಂದಿಗೆ ಬದುಕಿನ ಯಾವುದೋ ಒಂದು ಹಂತದಲ್ಲಿ ಕರುಳಿನ ಕ್ಯಾನ್ಸರ್ ಬರುತ್ತದೆ. ಇದು ಎಲ್ಲ ಬಗೆಯವರ ಸರಾಸರಿ. ಸಂಸ್ಕರಿಸಿದ ಮಾಂಸವನ್ನು ಅತಿ ಕಡಿಮೆ ತಿನ್ನುವವರನ್ನಷ್ಟೇ ತೆಗೆದುಕೊಂಡರೆ ಸಾವಿರಕ್ಕೆ 56. ಈ 56ರ ಶೇ. 18 ಎಂದರೆ ಹತ್ತು. ಕೂಡಿಸಿದರೆ 66. ದಿನವೂ ಬೇಕನ್ ಅಥವಾ ಸಾಸೇಜು ತಿನ್ನುವ ಸಾವಿರ ಜನರಲ್ಲಿ, ಇಡೀ ಆಯಸ್ಸಿನ ಮೇಲೆ, ಕಾಯಿಲೆ ಬೀಳುವವರು ಇಷ್ಟು. ಕೇಂಬ್ರಿಜ್‌ನ ಸಂಖ್ಯಾಶಾಸ್ತ್ರಜ್ಞ ಡೇವಿಡ್ ಸ್ಪೀಗಲ್‌ಹಾಲ್ಟರ್ ಇದನ್ನೇ ಇನ್ನೂ ಸರಳವಾಗಿ ನೂರಕ್ಕೆ ಆರು ಇದ್ದದ್ದು ಏಳಾಗುತ್ತದೆ ಎಂದು ವಿವರಿಸಿದರು.

ಸಾವಿರಕ್ಕೆ ಹತ್ತು ಎಂಬುದನ್ನು ಎರಡೂ ಕಡೆಯಿಂದ ನೋಡಬೇಕು. ಸಾವಿರದಲ್ಲಿ 934 ಜನ ಪ್ರತಿದಿನ ಬೇಕನ್ ತಿಂದೂ ಈ ಕಾಯಿಲೆ ಇಲ್ಲದೆ ಬದುಕು ಮುಗಿಸುತ್ತಾರೆ. 56 ಜನ ತಿನ್ನದಿದ್ದರೂ ಕಾಯಿಲೆ ಬೀಳುತ್ತಿದ್ದರು. ತಟ್ಟೆಯಲ್ಲಿದ್ದದ್ದರಿಂದಲೇ ಕೆಟ್ಟವರು ಹತ್ತು ಜನ, ಅವರು ಯಾರೆಂದು ಯಾವ ವೈದ್ಯರೂ ಬೊಟ್ಟು ಮಾಡಿ ತೋರಿಸಲಾರರು. ಇತ್ತ, ಕೋಟಿಗಟ್ಟಲೆ ಜನ ದಿನವೂ ಹ್ಯಾಮ್ ಸ್ಯಾಂಡ್‌ವಿಚ್ ತಿನ್ನುವ ದೇಶದ ಆರೋಗ್ಯ ಇಲಾಖೆಗೆ ಸಾವಿರಕ್ಕೆ ಹತ್ತು ಎಂಬುದು ಸಣ್ಣ ಸಂಖ್ಯೆಯಲ್ಲ. ಒಬ್ಬ ಮನುಷ್ಯನಿಗೆ ಸಣ್ಣದು, ಸರ್ಕಾರಕ್ಕೆ ದೊಡ್ಡದು. ಈ ವಿಷಯದ ಅರ್ಧ ಜಗಳ ಹುಟ್ಟುವುದು ಯಾರು ಯಾರ ಪರವಾಗಿ ಮಾತಾಡುತ್ತಿದ್ದಾರೆ ಎಂದು ಹೇಳದೆ ಇರುವುದರಿಂದ.

ಈ 50 ಗ್ರಾಂ, ಈ ಶೇ. 18 ಬಂದದ್ದೆಲ್ಲಿಂದ? 2011ರಲ್ಲಿ ಪ್ರಕಟವಾದ ಒಂದು ಒಟ್ಟುಲೆಕ್ಕದಿಂದ. ಹಲವು ದೇಶಗಳಲ್ಲಿ ಲಕ್ಷಾಂತರ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳನ್ನು ಒಂದುಗೂಡಿಸಿ, ತಿಂದ ಪ್ರಮಾಣಕ್ಕೂ ಬಂದ ಕಾಯಿಲೆಗೂ ಗೆರೆ ಎಳೆದಿದ್ದರು. ಕೆಂಪು ಮತ್ತು ಸಂಸ್ಕರಿಸಿದ ಮಾಂಸವನ್ನು ಸೇರಿಸಿ ನೋಡಿದಾಗ ದಿನಕ್ಕೆ ಸುಮಾರು 140 ಗ್ರಾಂವರೆಗೆ ಗೆರೆ ಹೆಚ್ಚು ಕಡಿಮೆ ನೇರವಾಗಿ ಏರಿತು, ಆಮೇಲೆ ಅದರ ಏರಿಕೆ ತಗ್ಗಿತು. ಶೇ. 18 ಎಂಬುದು ಆ ಅಂದಾಜಿನ ನಡುಬಿಂದು. ನಿಜವಾದ ಬೆಲೆ ಶೇ. 10ರಿಂದ 28ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಕೆಂಪು ಮಾಂಸದ ಶೇ. 17 ಇನ್ನೂ ಸಡಿಲ, ಅದರ ಹರವು ಶೇ. 5ರಿಂದ 31.

ಇಂಥ ಅಧ್ಯಯನದಲ್ಲಿ ಯಾರೂ ಯಾರ ತಟ್ಟೆಯನ್ನೂ ತೂಗುವುದಿಲ್ಲ. ನೀವು ವಾರಕ್ಕೆ ಎಷ್ಟು ಸಲ ಸಾಸೇಜು ತಿನ್ನುತ್ತೀರಿ, ಎಷ್ಟು ಸಲ ದನದ ಮಾಂಸ ಎಂದು ಪ್ರಶ್ನಾವಳಿಯಲ್ಲಿ ಕೇಳುತ್ತಾರೆ. ಹೋದ ತಿಂಗಳು ಎಷ್ಟು ಸಲ ಚಿತ್ರಾನ್ನ ತಿಂದಿರಿ ಎಂದು ನಿಮ್ಮನ್ನೇ ಯಾರಾದರೂ ಕೇಳಿದರೆ ಉತ್ತರ ಎಷ್ಟು ನೆಚ್ಚಬಹುದು ಎಂದು ಯೋಚಿಸಿ. ತಪ್ಪು ನೆನಪಿನ ಪರಿಣಾಮ ಮಾತ್ರ ನಾವಂದುಕೊಂಡದ್ದಕ್ಕಿಂತ ವಿಚಿತ್ರವಾಗಿದೆ, ಅದನ್ನು ಚೆನ್ನಾಗಿ ತೋರಿಸಿಕೊಟ್ಟದ್ದು ಬ್ರಿಟನ್ನಿನ ಬಯೋಬ್ಯಾಂಕ್.

ಬಯೋಬ್ಯಾಂಕ್ 2006ರಿಂದ 2010ರವರೆಗೆ ಸುಮಾರು ಐದು ಲಕ್ಷ ಮಂದಿಯನ್ನು ನೋಂದಾಯಿಸಿಕೊಂಡಿತು. ಆಕ್ಸ್‌ಫರ್ಡ್‌ನ ತಂಡ ಅದರಲ್ಲಿ 40ರಿಂದ 69 ವಯಸ್ಸಿನ 4,75,581 ಜನರ ದಾಖಲೆಗಳನ್ನು ತೆಗೆದುಕೊಂಡು 2019ರಲ್ಲಿ ಫಲಿತಾಂಶ ಪ್ರಕಟಿಸಿತು. ಸರಾಸರಿ 5.7 ವರ್ಷಗಳಲ್ಲಿ 2,609 ಮಂದಿಗೆ ಕರುಳಿನ ಕ್ಯಾನ್ಸರ್ ಬಂದಿತ್ತು. ಕೆಂಪು ಮತ್ತು ಸಂಸ್ಕರಿಸಿದ ಮಾಂಸ ಸೇರಿ ದಿನಕ್ಕೆ ಸರಾಸರಿ 21 ಗ್ರಾಂ ತಿನ್ನುವವರಲ್ಲಿ ಹತ್ತು ಸಾವಿರಕ್ಕೆ 40 ಜನ; 76 ಗ್ರಾಂ ತಿನ್ನುವವರಲ್ಲಿ 48 ಜನ. ಹತ್ತು ಸಾವಿರಕ್ಕೆ ಎಂಟು ಹೆಚ್ಚು. ಇದು ಆರು ವರ್ಷಕ್ಕೂ ಕಡಿಮೆ ಅವಧಿಯ ಮಾತು, ಮೇಲಿನದು ಇಡೀ ಆಯಸ್ಸಿನ ಮಾತು. ಅವೆರಡನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಬಾರದು.

ಗಮನ ಸೆಳೆಯುವುದು ಮತ್ತೊಂದು. ಆಕ್ಸ್‌ಫರ್ಡ್ ತಂಡದ ಪ್ರಕಾರ ಶೇ. 19ರಷ್ಟು ಏರಿಕೆಗೆ 50 ಗ್ರಾಂ ಸಂಸ್ಕರಿಸಿದ ಮಾಂಸ ಬೇಕಾಗಿಲ್ಲ, 25 ಗ್ರಾಂ ಸಾಕು. ಅಂದರೆ ಬೇಕನ್ನಿನ ಒಂದು ಪಟ್ಟಿ. ಹಳೆಯ ಅಂಕಿಯ ಅರ್ಧ ಪ್ರಮಾಣಕ್ಕೇ ಅಷ್ಟು ಅಪಾಯವೇ? ಬಯೋಬ್ಯಾಂಕಿನ ಒಂದು ಗುಂಪಿನ ಜನರಿಂದ ಹಿಂದಿನ 24 ಗಂಟೆಯಲ್ಲಿ ತಿಂದದ್ದನ್ನೆಲ್ಲ, ಮತ್ತೆ ಮತ್ತೆ, ವಿವರವಾಗಿ ಬರೆಸಿಕೊಂಡಿದ್ದರು. ಹೋಲಿಸಿ ನೋಡಿದಾಗ ಒಂದು ಸಂಗತಿ ಕಂಡಿತು. ನಾನು ದಿನವೂ ತಿನ್ನುತ್ತೇನೆ ಎಂದವರು ನಿಜವಾಗಿ ಅಷ್ಟು ತಿನ್ನುತ್ತಿರಲಿಲ್ಲ, ನಾನು ಮುಟ್ಟುವುದೇ ಇಲ್ಲ ಎಂಬಂತೆ ಗೀಚಿದವರಲ್ಲಿ ಕೆಲವರು ಅಷ್ಟಿಷ್ಟು ತಿನ್ನುತ್ತಿದ್ದರು. ಎರಡು ಗುಂಪುಗಳ ನಡುವೆ ಕಾಗದದ ಮೇಲೆ ಕಂಡ ಅಂತರಕ್ಕಿಂತ ನಿಜವಾದ ಅಂತರ ಕಡಿಮೆ. ಕಾಯಿಲೆಯ ವ್ಯತ್ಯಾಸವಾದರೋ ಇದ್ದಷ್ಟೇ ಇದೆ. ಅಷ್ಟೇ ವ್ಯತ್ಯಾಸಕ್ಕೆ ಕಡಿಮೆ ಗ್ರಾಂ ಕಾರಣವಾಯಿತೆಂದರೆ ಒಂದೊಂದು ಗ್ರಾಂನ ಪಾಲು ಹೆಚ್ಚಾಗಲೇಬೇಕು. ನೆನಪಿನ ತಪ್ಪಿನಿಂದ ಅಪಾಯ ಉತ್ಪ್ರೇಕ್ಷೆಯಾಗಿ ಕಾಣುತ್ತದೆ ಎಂದು ಮಾಂಸೋದ್ಯಮದ ವಕೀಲರು ವಾದಿಸುವುದುಂಟು. ಎಲ್ಲ ಬಗೆಯ ಜನರೂ ಗೊತ್ತುಗುರಿಯಿಲ್ಲದೆ ತಪ್ಪು ಬರೆಯುವಾಗ ಸಾಮಾನ್ಯವಾಗಿ ಆಗುವುದು ಅದರ ತಿರುವುಮುರುವು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಹೆಚ್ಚು ಸಾಸೇಜು ತಿನ್ನುವವರು ಹೆಚ್ಚು ಸಿಗರೇಟು ಸೇದುವವರೂ ಹೌದು, ಹೆಚ್ಚು ತೂಕದವರೂ ಹೌದು, ಕಾಳು ತರಕಾರಿ ಕಡಿಮೆ ತಿನ್ನುವವರೂ ಹೌದು. ಕಾಯಿಲೆ ಸಾಸೇಜಿನಿಂದ ಬಂತೋ ಅದರ ಸಂಗಡಿಗರಿಂದ ಬಂತೋ? ಲೆಕ್ಕದಲ್ಲಿ ಇವನ್ನೆಲ್ಲ ಕಳೆದು ನೋಡುತ್ತಾರೆ, ಪೂರ್ತಿ ಕಳೆಯಿತೆಂದು ಯಾರೂ ಆಣೆ ಮಾಡಲಾರರು. ಹಾಗಾಗಿ ಮಾಂಸ ಹೊಟ್ಟೆಯೊಳಗೆ ಏನು ಮಾಡುತ್ತದೆ ಎಂಬುದನ್ನೂ ನೋಡಬೇಕಾಗುತ್ತದೆ.

1996ರಲ್ಲಿ ಕೇಂಬ್ರಿಜ್‌ನ ಶೀಲಾ ಬಿಂಗಮ್ ಮತ್ತು ಸಂಗಡಿಗರು ಎಂಟು ಗಂಡಸರ ಮೇಲೆ ಮಾಡಿದ ಪ್ರಯೋಗ ವರದಿಯಾಯಿತು. ಅವರಿಗೆ ತೂಗಿದ ಊಟವನ್ನೇ ಕೊಟ್ಟರು. ಒಂದು ಅವಧಿಯಲ್ಲಿ ದಿನಕ್ಕೆ 60 ಗ್ರಾಂ ಕೆಂಪು ಮಾಂಸ, ಮತ್ತೊಂದರಲ್ಲಿ 600 ಗ್ರಾಂ. ಮಲವನ್ನು ಸಂಗ್ರಹಿಸಿ ಅದರಲ್ಲಿ ಎನ್-ನೈಟ್ರೊಸೊ ಸಂಯುಕ್ತಗಳು ಎಷ್ಟಿವೆ ಎಂದು ಅಳೆದರು. ಈ ಗುಂಪಿನ ಹಲವು ರಾಸಾಯನಿಕಗಳು ಜೀವಕೋಶದ ಡಿಎನ್ಎಗೆ ಅಂಟಿಕೊಂಡು ಅದರ ಅಕ್ಷರಗಳನ್ನು ಕೆಡಿಸಬಲ್ಲವು. ಮಾಂಸ ಹೆಚ್ಚಿಸಿದಾಗ ಅವುಗಳ ಪ್ರಮಾಣ ಸುಮಾರು ಮೂರು ಪಟ್ಟಾಯಿತು. ಕುತೂಹಲದ ಸಂಗತಿ ಎಂದರೆ 600 ಗ್ರಾಂ ಕೋಳಿ, ಮೀನು ಕೊಟ್ಟಾಗ ಅಂಥ ಏರಿಕೆ ಕಾಣಲಿಲ್ಲ. ಪ್ರೋಟೀನು ಎರಡರಲ್ಲೂ ಇದೆ, ಹಾಗಾದರೆ ಕೆಂಪು ಮಾಂಸದಲ್ಲಿ ಬೇರೆ ಏನಿದೆ? 2003ರಲ್ಲಿ ಅದೇ ಬಳಗ ಉತ್ತರ ಕಂಡುಕೊಂಡಿತು. ಮಾಂಸಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಎಂಬ ಕಬ್ಬಿಣಾಂಶ. ಹೀಮ್ ಕೊಟ್ಟಾಗ ಆ ಸಂಯುಕ್ತಗಳು ಏರಿದವು. ಬರೀ ಕಬ್ಬಿಣದ ಲವಣ ಕೊಟ್ಟರೂ, ಬರೀ ಪ್ರೋಟೀನು ಕೊಟ್ಟರೂ ಏರಲಿಲ್ಲ.

ಸಂಸ್ಕರಿಸಿದ ಮಾಂಸಕ್ಕೆ ಇದರ ಮೇಲೆ ಇನ್ನೊಂದು ಹೊರೆ ಇದೆ. ಹ್ಯಾಮ್, ಬೇಕನ್ ಬೆಂದ ಮೇಲೂ ಗುಲಾಬಿ ಬಣ್ಣದಲ್ಲೇ ಉಳಿಯುವುದು ಸೋಡಿಯಂ ನೈಟ್ರೈಟ್ ಹಾಕಿರುವುದರಿಂದ. ಅದನ್ನು ಹಾಕುವುದು ಬರೀ ಚಂದಕ್ಕಲ್ಲ. ಗಾಳಿಯಾಡದ ಮಾಂಸದಲ್ಲಿ ಬೆಳೆದು ಪ್ರಾಣಾಂತಕ ವಿಷ ಉಗುಳುವ ಬಾಟುಲಿನಮ್ ಬ್ಯಾಕ್ಟೀರಿಯಾವನ್ನು ಅದು ತಡೆಯುತ್ತದೆ. ಅದೇ ನೈಟ್ರೈಟ್ ಹೀಮ್ ಜೊತೆ ಸೇರಿದರೆ ಎನ್-ನೈಟ್ರೊಸೊ ಸಂಯುಕ್ತಗಳಿಗೆ ಕಚ್ಚಾವಸ್ತು ಸಿದ್ಧವಾದಂತೆ. ಕೆಂಡದ ಮೇಲೆ ಸುಟ್ಟಾಗ, ಕಾವಲಿಯಲ್ಲಿ ಕರಿಕಾಗುವಂತೆ ಹುರಿದಾಗ ಹುಟ್ಟುವ ಬೇರೆ ರಾಸಾಯನಿಕಗಳ ಮಾತೂ ಇದೆ, ಆದರೆ ಮನುಷ್ಯರಲ್ಲಿ ಅವುಗಳ ಪಾಲೆಷ್ಟು ಎಂಬುದಕ್ಕೆ ಪುರಾವೆ ತೆಳು. ಹೆಂಚಿನ ಮೇಲೆ ಸುಟ್ಟದ್ದಕ್ಕೆ ಹೆದರಿ ಬೇಯಿಸಿದ ಸಾಸೇಜಿಗೆ ಹೊರಳುವುದರಲ್ಲಿ ಅರ್ಥವಿಲ್ಲ.

ಇಷ್ಟಿದ್ದೂ 2019ರ ಅಕ್ಟೋಬರಿನಲ್ಲಿ ದೊಡ್ಡ ಗದ್ದಲವೆದ್ದಿತು. ಕೆನಡಾದ ಬ್ರ್ಯಾಡ್ಲಿ ಜಾನ್‌ಸ್ಟನ್ ನೇತೃತ್ವದ 14 ಜನರ ಮಂಡಳಿಯೊಂದು, ಜನ ಈಗ ತಿನ್ನುತ್ತಿರುವಷ್ಟೇ ಕೆಂಪು ಮತ್ತು ಸಂಸ್ಕರಿಸಿದ ಮಾಂಸ ತಿನ್ನುತ್ತಾ ಹೋಗಬಹುದು ಎಂದು ಅಮೆರಿಕದ ಪ್ರಮುಖ ವೈದ್ಯಕೀಯ ಪತ್ರಿಕೆಯಲ್ಲಿ ಸಲಹೆ ಕೊಟ್ಟಿತು. ಹಾರ್ವರ್ಡ್‌ನ ವಾಲ್ಟರ್ ವಿಲೆಟ್ ಮೊದಲಾದವರು ಆ ಲೇಖನಗಳನ್ನು ತಡೆಹಿಡಿಯಬೇಕೆಂದೇ ಪಟ್ಟು ಹಿಡಿದರು. ಹೊರಗಿನಿಂದ ನೋಡಿದವರಿಗೆ ವಿಜ್ಞಾನ ಉಲ್ಟಾ ಹೊಡೆಯಿತು ಎನ್ನಿಸಿತು. ಕಾಗದಗಳನ್ನು ಬಿಡಿಸಿ ನೋಡಿದರೆ ಎರಡೂ ಕಡೆಯ ಅಂಕಿಗಳು ಅಷ್ಟೇನೂ ಬೇರೆಯಾಗಿರಲಿಲ್ಲ. ವಾರಕ್ಕೆ ಮೂರು ಸಲದಷ್ಟು ಮಾಂಸ ಕಡಿಮೆ ಮಾಡಿದರೆ ಸಾವಿರಕ್ಕೆ ಕೆಲವರಷ್ಟೇ ಉಳಿಯುತ್ತಾರೆ ಎಂದು ಜಾನ್‌ಸ್ಟನ್ ಮಂಡಳಿಯ ಲೆಕ್ಕವೂ ಹೇಳುತ್ತಿತ್ತು. ಔಷಧಿಗಳನ್ನು ಅಳೆಯುವ ಕೋಲಿನಿಂದ ಅವರು ಆಹಾರವನ್ನು ಅಳೆದಿದ್ದರು. ಆ ಕೋಲಿನ ಪ್ರಕಾರ, ಜನರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ ನಡೆಸಿದ ಪ್ರಯೋಗವಿಲ್ಲದಿದ್ದರೆ ಪುರಾವೆಗೆ ಕೆಳದರ್ಜೆಯೇ ಗತಿ. ಜನ ಮಾಂಸವನ್ನು ಇಷ್ಟಪಡುತ್ತಾರೆ, ಲಾಭ ಸಣ್ಣದು, ಪುರಾವೆ ದುರ್ಬಲ, ಆದ್ದರಿಂದ ಬಿಡಿ ಎನ್ನುವುದೇಕೆ ಎಂಬುದು 14ರಲ್ಲಿ 11 ಜನರ ಅಭಿಪ್ರಾಯ.

ಅಂಥ ಪ್ರಯೋಗ ಬೇಕೆನ್ನುವುದು ಸುಲಭ. ಅಮೆರಿಕದಲ್ಲಿ 48,835 ಮಹಿಳೆಯರ ಮೇಲೆ ಕೊಬ್ಬು ಕಡಿಮೆ ಮಾಡುವ ಪ್ರಯೋಗ ಸುಮಾರು ಎಂಟು ವರ್ಷ ನಡೆದು, ಕರುಳಿನ ಕ್ಯಾನ್ಸರಿನಲ್ಲಿ ವ್ಯತ್ಯಾಸ ಕಾಣದೆ 2006ರಲ್ಲಿ ವರದಿಯಾಯಿತು. ಅವರು ತಿನ್ನುತ್ತಿದ್ದ ಕೆಂಪು ಮಾಂಸ ಇಳಿದದ್ದೇ ಅಲ್ಪ, ಕರುಳಿನ ಗಂಟು ಕ್ಯಾನ್ಸರಾಗಲು ಹಿಡಿಯುವುದು ಹತ್ತಾರು ವರ್ಷ. ಇದರಿಂದ ಮಾಂಸ ನಿರಪರಾಧಿ ಎನ್ನುವುದೂ ತಪ್ಪು. ನನಗೆ ಕಾಣುವಂತೆ, ಕೆಂಪು ಮಾಂಸದ ಮಟ್ಟಿಗೆ ಜಾನ್‌ಸ್ಟನ್ ಮಂಡಳಿಯ ಸಂಶಯದಲ್ಲಿ ತಿರುಳಿದೆ, ಲಿಯಾನಿನವರೂ ಅದಕ್ಕೇ "ಬಹುಶಃ" ಎಂದದ್ದು. ಸಂಸ್ಕರಿಸಿದ ಮಾಂಸವನ್ನೂ ಅದೇ ಚೀಲಕ್ಕೆ ತುಂಬಿದ್ದು ಸರಿಯಲ್ಲ.

ಈಗ ನಮ್ಮ ಅಡುಗೆಮನೆಯ ಲೆಕ್ಕ. ಭಾನುವಾರ ಒಂದು ಕಿಲೊ ಮಟನ್ ತಂದು ಐದು ಜನ ಸಾರು ಮುದ್ದೆ ಉಂಡರು ಎನ್ನಿ. ಕಿಲೊದಲ್ಲಿ ಕಾಲುಭಾಗ ಮೂಳೆಯೆಂದು ಹಿಡಿದರೆ ಉಳಿಯುವುದು 750 ಗ್ರಾಂ. ಬೇಯುವಾಗ ನೀರು, ಕೊಬ್ಬು ಬಿಟ್ಟು ಸುಮಾರು ಶೇ. 30ರಷ್ಟು ತೂಕ ಇಳಿಯುತ್ತದೆ, 525 ಗ್ರಾಂ ಆಗುತ್ತದೆ ಎನ್ನೋಣ. ತಲೆಗೆ 105 ಗ್ರಾಂ. ವಾರಕ್ಕೆ ಒಂದೇ ಸಲವಾದರೆ ದಿನಕ್ಕೆ 15 ಗ್ರಾಂ. ನೂರು ಗ್ರಾಂಗೆ ಶೇ. 17 ಎಂಬ ಗೆರೆಯನ್ನೇ ನಂಬಿದರೂ 15 ಗ್ರಾಂಗೆ ಬರುವುದು ಶೇ. 2.5.

ಯಾವುದರ ಶೇ. 2.5? ಇಲ್ಲಿ ಬ್ರಿಟನ್ನಿನ 56ನ್ನು ಎರವಲು ತರುವಂತಿಲ್ಲ. ವಯಸ್ಸಿನ ವ್ಯತ್ಯಾಸ ಸರಿದೂಗಿಸಿ ನೋಡಿದರೆ ಕರುಳಿನ ಕ್ಯಾನ್ಸರ್ ಬ್ರಿಟನ್ನಿನಲ್ಲಿ ವರ್ಷಕ್ಕೆ ಲಕ್ಷಕ್ಕೆ ಮೂವತ್ತಕ್ಕೂ ಹೆಚ್ಚು, ಭಾರತದಲ್ಲಿ ಐದರ ಆಸುಪಾಸು. ಲೆಕ್ಕದ ಅನುಕೂಲಕ್ಕೆ ಇಲ್ಲಿ ಆಯಸ್ಸಿನಲ್ಲಿ ಸಾವಿರಕ್ಕೆ 10 ಎಂದು ಧಾರಾಳವಾಗಿಯೇ ಹಿಡಿಯೋಣ. ಹತ್ತರ ಶೇ. 2.5 ಎಂದರೆ ಕಾಲು. ಜೀವನಪೂರ್ತಿ ಪ್ರತಿ ಭಾನುವಾರ ಹೀಗೆ ಉಣ್ಣುವ ನಾಲ್ಕು ಸಾವಿರ ಜನರಲ್ಲಿ ಒಬ್ಬರು ಹೆಚ್ಚು. ಮಿಲಿಟರಿ ಹೋಟೆಲಿನಲ್ಲಿ ದಿನವೂ ಊಟ ಮಾಡಿ 100 ಗ್ರಾಂ ಮಟನ್ ತಿನ್ನುವವರಿಗೆ ಅದೇ ಲೆಕ್ಕ ಸಾವಿರಕ್ಕೆ 1.7 ಆಗುತ್ತದೆ. ಎರಡಕ್ಕೂ ಒಂದು ಷರತ್ತಿದೆ. ಶೇ. 17 ಎಂಬ ಗೆರೆ ಬಹುಪಾಲು ದನ ಮತ್ತು ಹಂದಿಯ ಮಾಂಸ ತಿನ್ನುವ ಪಾಶ್ಚಾತ್ಯರದು. ಸಾರಿನಲ್ಲಿ ಬೆಂದ ಕುರಿಮಾಂಸಕ್ಕೆ, ರಾಗಿ, ಸೊಪ್ಪು, ಕಾಳಿನ ಜೊತೆ ಉಣ್ಣುವವರಿಗೆ ಅದು ಹಾಗೇ ಒಪ್ಪುತ್ತದೆಂಬುದು ಊಹೆ ಮಾತ್ರ.

ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ ಹಾಕಿಕೊಟ್ಟ ಮಿತಿ ವಾರಕ್ಕೆ ಮೂರು ಸಲ, ಬೆಂದ ತೂಕದಲ್ಲಿ 350ರಿಂದ 500 ಗ್ರಾಂ ಕೆಂಪು ಮಾಂಸ. ನಮ್ಮ ಭಾನುವಾರದ 105 ಗ್ರಾಂ ಅದರ ಮೂರರಲ್ಲೊಂದು ಪಾಲೂ ಇಲ್ಲ. 500 ದಾಟಿದ ಕೂಡಲೇ ವಿಷವಾಗುವ ಗೆರೆಯೂ ಅದಲ್ಲ. ಮಾಂಸದಿಂದ ಸಿಗುವ ಪ್ರೋಟೀನು, ಬಿ12, ಕಬ್ಬಿಣ ಒಂದು ಕಡೆ, ಕರುಳಿನ ಅಪಾಯ ಇನ್ನೊಂದು ಕಡೆ ಇಟ್ಟು ಮಾಡಿದ ರಾಜಿ. ಕೇಂಬ್ರಿಜ್‌ನವರು ಪತ್ತೆಹಚ್ಚಿದ ಅದೇ ಹೀಮ್ ದೇಹ ಅತ್ಯಂತ ಸುಲಭವಾಗಿ ಹೀರಿಕೊಳ್ಳುವ ಕಬ್ಬಿಣವೂ ಹೌದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇತ್ತು. ಮಟನ್ ತಿನ್ನುವ ಮನೆಯಲ್ಲಿ, ತೆಳು ರಕ್ತದ ಮಗಳ ತಟ್ಟೆಯಿಂದ ಕ್ಯಾನ್ಸರಿನ ಹೆದರಿಕೆಗೆ ಎರಡು ತುಂಡು ತೆಗೆಯುವುದು ಈ ಲೆಕ್ಕದಲ್ಲಿ ನಷ್ಟದ ವ್ಯಾಪಾರ.

ಸಂಸ್ಕರಿಸಿದ ಮಾಂಸಕ್ಕೆ ಆ ನಿಧಿ ಗ್ರಾಂ ಲೆಕ್ಕವನ್ನೇ ಕೊಡಲಿಲ್ಲ. ತಿಂದರೆ ತೀರಾ ಕಡಿಮೆ ಎಂದಷ್ಟೇ ಹೇಳಿತು. ನಮ್ಮಲ್ಲಿ ಈ ಮಾತು ಮುಟ್ಟಬೇಕಾದದ್ದು ಮಟನ್ ಅಂಗಡಿಗಿಂತ ಹೆಚ್ಚಾಗಿ ಬೆಂಗಳೂರಿನ ಕೋಲ್ಡ್ ಸ್ಟೋರೇಜುಗಳಿಗೆ, ಸೂಪರ್ ಮಾರ್ಕೆಟ್ಟಿನ ಫ್ರೀಜರಿಗೆ. ಅಲ್ಲಿರುವುದು ಬಹುಪಾಲು ಚಿಕನ್ ಸಾಸೇಜು, ಚಿಕನ್ ಸಲಾಮಿ. ಕೋಳಿ ಕೆಂಪು ಮಾಂಸವಲ್ಲವಲ್ಲ ಎಂದು ಮಕ್ಕಳ ಟಿಫಿನ್ ಡಬ್ಬಿಗೆ ಹಾಕುವವರಿದ್ದಾರೆ. ಲಿಯಾನಿನ ವ್ಯಾಖ್ಯೆಯಲ್ಲಿ ಉಪ್ಪು ಹಾಕಿ, ಹುದುಗಿಸಿ, ಹೊಗೆಯಾಡಿಸಿ, ಇಲ್ಲವೇ ರಾಸಾಯನಿಕ ಸೇರಿಸಿ ಕಾಪಿಟ್ಟ ಯಾವ ಪ್ರಾಣಿಯ ಮಾಂಸವಾದರೂ ಸಂಸ್ಕರಿಸಿದ್ದೇ. ಆ ವ್ಯಾಖ್ಯೆಗೆ ನಮ್ಮ ಉಪ್ಪುಕಂಡವೂ, ಕೊಡಗಿನಲ್ಲಿ ಒಲೆಯ ಹೊಗೆಗೆ ಕಟ್ಟಿ ಒಣಗಿಸಿದ ಹಂದಿಮಾಂಸವೂ ಒಳಪಡುತ್ತವೆ. ಅಧ್ಯಯನಗಳು ನಡೆದದ್ದು ಮಾತ್ರ ದಿನನಿತ್ಯ ತಿನ್ನುವ, ಬಹುಪಾಲು ನೈಟ್ರೈಟ್ ಹಾಕಿದ ಕಾರ್ಖಾನೆ ಮಾಲಿನ ಮೇಲೆ. ವರ್ಷಕ್ಕೆ ನಾಲ್ಕಾರು ಸಲ ಮಳೆಗಾಲದಲ್ಲಿ ಹುರಿಯುವ ಉಪ್ಪುಕಂಡವನ್ನು ಯಾರೂ ಅಳೆದಿಲ್ಲ. ಕೋಳಿಯಲ್ಲಿ ಹೀಮ್ ಕಡಿಮೆ, ಹಾಗಾಗಿ ಚಿಕನ್ ಸಾಸೇಜಿನ ಅಪಾಯ ಬೇಕನ್ನಿನದಕ್ಕಿಂತ ಕಡಿಮೆಯಿದ್ದರೂ ಇರಬಹುದು, ಆದರೆ ನೈಟ್ರೈಟು ಅದರಲ್ಲೂ ಇರುತ್ತದೆ. ಪೊಟ್ಟಣದ ಹಿಂಬದಿಯಲ್ಲಿ, ಪದಾರ್ಥಗಳ ಪಟ್ಟಿಯ ಕೊನೆಯ ಸಾಲುಗಳಲ್ಲಿ, ಸಂರಕ್ಷಕ ಎಂಬ ಮಾತಿನ ಪಕ್ಕ ಐಎನ್ಎಸ್ 250 ಎಂದಿದ್ದರೆ ಅದು ಸೋಡಿಯಂ ನೈಟ್ರೈಟ್. 25 ಗ್ರಾಂ ತೂಗುವ ಸಾಸೇಜು ದಿನಕ್ಕೆ ಎರಡು ಡಬ್ಬಿಗೆ ಹೋದರೆ ಅದು ಲಿಯಾನಿನವರ 50 ಗ್ರಾಂ.